ಆರು ಸೆಂಟಿಮೀಟರ್ ಬಟ್ಟೆಯ ಲೆಕ್ಕ

ಸಿದ್ಧ ಉಡುಪು ಕಾರ್ಖಾನೆಯ ಮೇಲ್ವಿಚಾರಕರ ಜೊತೆ ವೆಚ್ಚದ ಮಾತು ಬಂದಾಗಲೆಲ್ಲ ನಾನು ಬಟ್ಟೆ ಹಾಸುವ ಮೇಜಿನ ತುದಿಯಿಂದ ಶುರು ಮಾಡುತ್ತೇನೆ. ಹೊಲಿಗೆ ಸಾಲಿನಲ್ಲಿ ನಿಮಿಷಗಳನ್ನು ಉಳಿಸಲು ನಾವು ಪಡುವ ಪಾಡು ಎಲ್ಲರಿಗೂ ಕಾಣುತ್ತದೆ. ಆದರೆ ಒಂದು ಅಂಗಿಯ ವೆಚ್ಚದಲ್ಲಿ ಅತಿ ದೊಡ್ಡ ಪಾಲು ಸಾಮಾನ್ಯವಾಗಿ ಬಟ್ಟೆಯದೇ. ಆ ಬಟ್ಟೆ ಪೋಲಾಗುವುದು ಕತ್ತರಿ ಬೀಳುವ ಮೊದಲೇ, ಯಾರ ಗಮನಕ್ಕೂ ಬಾರದೆ. ಬೊಮ್ಮನಹಳ್ಳಿಯಿರಲಿ, ಪೀಣ್ಯವಿರಲಿ, ಕಟಿಂಗ್ ವಿಭಾಗದ ಕೆಲಸದ ರೀತಿ ಹೆಚ್ಚುಕಡಿಮೆ ಒಂದೇ. ಹಾಗಾಗಿ ಕೆಳಗಿನ ಲೆಕ್ಕದಲ್ಲಿ ನನ್ನ ಅಂಕಿಗಳ ಜಾಗದಲ್ಲಿ ನಿಮ್ಮ ಕಾರ್ಖಾನೆಯ ಅಂಕಿಗಳನ್ನು ಹಾಕಿ ನೋಡಬಹುದು.

ಹತ್ತು ಸಾವಿರ ಅಂಗಿಗಳ ಆರ್ಡರ್ ಬಂದಿದೆ ಎಂದುಕೊಳ್ಳಿ. ಒಂದಕ್ಕೆ ಸಿಗುವ ಬೆಲೆ 620 ರೂಪಾಯಿ. ಬಟ್ಟೆಯ ದರ ಮೀಟರಿಗೆ 200 ರೂಪಾಯಿ. ನೂರು ಮೀಟರಿನ 162 ರೋಲುಗಳನ್ನು ತರಿಸಲಾಗಿದೆ, ಅಂದರೆ ಅಂಗಿಯೊಂದಕ್ಕೆ 1.62 ಮೀಟರ್, 324 ರೂಪಾಯಿ. ಗುಂಡಿ, ನೂಲು, ಲೇಬಲ್, ಪ್ಯಾಕಿಂಗ್ ಮುಂತಾಗಿ ಪ್ರತಿ ಅಂಗಿಯ ಜೊತೆಗೇ ಬರುವ ಇತರ ಖರ್ಚು 116 ರೂಪಾಯಿ. ಎರಡೂ ಸೇರಿ 440. ಬೆಲೆಯಿಂದ ಅದನ್ನು ಕಳೆದರೆ 180 ರೂಪಾಯಿ ಉಳಿಯುತ್ತದೆ. ಇದೇ ಕಾಂಟ್ರಿಬ್ಯೂಷನ್. ಇದಿನ್ನೂ ಲಾಭವಲ್ಲ. ಬಾಡಿಗೆ, ಸಂಬಳ, ಯಂತ್ರಗಳ ಸಾಲದ ಕಂತು, ಹೀಗೆ ಅಂಗಿಗಳು ಎಷ್ಟೇ ಆಗಲಿ ಬದಲಾಗದ ಸ್ಥಿರ ವೆಚ್ಚವನ್ನು ಮೊದಲು ಈ ಹಣವೇ ತೀರಿಸಬೇಕು. ಆ ವೆಚ್ಚ 15 ಲಕ್ಷ ಎಂದಿಟ್ಟುಕೊಂಡರೆ, ಒಟ್ಟು 18 ಲಕ್ಷದ ಕಾಂಟ್ರಿಬ್ಯೂಷನ್‌ನಲ್ಲಿ ಲಾಭವಾಗಿ ನಿಲ್ಲುವುದು 3 ಲಕ್ಷ ಮಾತ್ರ.

ಈಗ ಮೇಜಿಗೆ ಬರೋಣ. ನಾಲ್ಕು ಅಂಗಿಗಳ ಭಾಗಗಳನ್ನು ಜೋಡಿಸಿದ ಕತ್ತರಿಸುವ ನಕ್ಷೆಯ, ಅಂದರೆ ಮಾರ್ಕರಿನ, ಉದ್ದ 6.40 ಮೀಟರ್. ಬಟ್ಟೆಯ ಪ್ರತಿ ಪದರವನ್ನೂ ಮಾರ್ಕರಿಗಿಂತ ಎರಡೂ ತುದಿಗಳಲ್ಲಿ 2 ಸೆಂಟಿಮೀಟರ್ ಹೆಚ್ಚಾಗಿ ಬಿಡಬೇಕೆಂಬುದು ಯೋಜನೆ. ಪದರದ ಉದ್ದ 6.44 ಮೀಟರ್ ಆಯಿತು. ಅಳೆದು ನೋಡಿದರೆ ತುದಿಗಳಲ್ಲಿ ಐದೈದು ಸೆಂಟಿಮೀಟರ್ ಬಿಟ್ಟಿದ್ದಾರೆ, ಪದರ 6.50 ಆಗಿದೆ. ಹೆಚ್ಚಾದದ್ದು ಆರು ಸೆಂಟಿಮೀಟರ್, ಶೇಕಡಾ ಒಂದಕ್ಕಿಂತ ಕಡಿಮೆ. ಇದಕ್ಕಾಗಿ ಹಾಸುವವರನ್ನು ಯಾರೂ ಗದರಿಸುವುದಿಲ್ಲ.

ಒಂದು ರೋಲಿನಲ್ಲಿ ಆಗುವುದನ್ನು ಗಮನಿಸಿ. ಯೋಜನೆಯಂತೆ 15 ಪದರಗಳಿಗೆ 96.60 ಮೀಟರ್ ಹೋಗಿ 3.40 ಮೀಟರ್ ಎಂಡ್‌ಬಿಟ್ ಉಳಿಯಬೇಕು. ಎರಡು ಅಂಗಿಗಳ ಸಣ್ಣ ಮಾರ್ಕರಿಗೆ ತುದಿಯೂ ಸೇರಿ 3.34 ಮೀಟರ್ ಬೇಕು ಎನ್ನೋಣ. ಆ ತುಂಡಿನಲ್ಲಿ ಎರಡು ಅಂಗಿ ಸಿಗುತ್ತವೆ, ರೋಲಿಗೆ ಒಟ್ಟು 62. ಆರು ಸೆಂಟಿಮೀಟರ್ ಹೆಚ್ಚು ಬಿಟ್ಟಾಗ 15 ಪದರಗಳಲ್ಲಿ 90 ಸೆಂಟಿಮೀಟರ್ ಕರಗಿ 2.50 ಮೀಟರ್ ಮಾತ್ರ ಉಳಿಯುತ್ತದೆ. ಅದರಲ್ಲಿ ಒಂದೇ ಅಂಗಿ. ಮಿಕ್ಕದ್ದು ಚಿಂದಿ. ಬಟ್ಟೆ ಸೆಂಟಿಮೀಟರ್ ಲೆಕ್ಕದಲ್ಲಿ ಸೋರಿದರೂ ನಷ್ಟವಾಗುವುದು ಇಡೀ ಅಂಗಿಗಳ ಲೆಕ್ಕದಲ್ಲಿ. ಮುಕ್ಕಾಲು ಅಂಗಿಯನ್ನು ಯಾರೂ ಕೊಳ್ಳುವುದಿಲ್ಲ.

162 ರೋಲುಗಳಿಂದ ಬರಬೇಕಾಗಿದ್ದದ್ದು 10,044 ಅಂಗಿ. ಬಂದದ್ದು 9,882. ಆರ್ಡರಿಗೆ 118 ಕಡಿಮೆ. ಬಟ್ಟೆಗೆ ಕೊಟ್ಟ 32.4 ಲಕ್ಷ ರೂಪಾಯಿಯಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಿಲ್ಲ, ಅದನ್ನು ಈಗ 9,882 ಅಂಗಿಗಳೇ ಹೊರಬೇಕು. ಅಂಗಿಯೊಂದರ ಬಟ್ಟೆ ವೆಚ್ಚ 324ರಿಂದ 327.87ಕ್ಕೆ ಏರುತ್ತದೆ, ಕಾಂಟ್ರಿಬ್ಯೂಷನ್ 176.13ಕ್ಕೆ ಇಳಿಯುತ್ತದೆ. ಸ್ಥಿರ ವೆಚ್ಚವೂ ಕಡಿಮೆ ಅಂಗಿಗಳ ಮೇಲೆ ಹಂಚಿಕೆಯಾಗಿ 150ರಿಂದ 151.79 ಆಗುತ್ತದೆ. ಒಟ್ಟು ವೆಚ್ಚ 590 ರೂಪಾಯಿ ಇದ್ದದ್ದು 595.66. ಶೇಕಡಾ ಒಂದರಷ್ಟೂ ಏರಿಲ್ಲವಲ್ಲ ಎನಿಸಬಹುದು. ಆದರೆ ಬೆಲೆ 620ರಲ್ಲೇ ನಿಂತಿದೆ. ಅಂಗಿಗೆ 30 ರೂಪಾಯಿ ಇದ್ದ ಲಾಭ 24.34ಕ್ಕೆ ಬಿದ್ದಿದೆ. ಮೂರು ಲಕ್ಷ ಸುಮಾರು 2.4 ಲಕ್ಷವಾಗಿದೆ. ಮೇಜಿನ ಮೇಲಿನ ಶೇಕಡಾ ಒಂದು ಲಾಭದಲ್ಲಿ ಶೇಕಡಾ ಇಪ್ಪತ್ತಾಗಿ ಕಾಣಿಸಿಕೊಂಡಿತು. ಬಟ್ಟೆಯ ವೆಚ್ಚ ಲಾಭದ ಹತ್ತು ಪಟ್ಟಿಗಿಂತ ದೊಡ್ಡದಾಗಿರುವುದೇ ಇದಕ್ಕೆ ಕಾರಣ. ಲಾಭದ ಅಂಚು ಕಿರಿದಾದಷ್ಟೂ ಈ ಏಟು ಜೋರಾಗುತ್ತದೆ.

ಕೊರತೆ ತುಂಬಲು ಇನ್ನೆರಡು ರೋಲ್ ತರಿಸಬಹುದು. 40,000 ರೂಪಾಯಿ ಆಗುತ್ತದೆ. ಈ ಹಣ ಮರಳಿ ಬರಲು 180 ರೂಪಾಯಿಯಂತೆ 223 ಅಂಗಿಗಳ ಕಾಂಟ್ರಿಬ್ಯೂಷನ್ ಬೇಕು. ಅಷ್ಟೇ ಅಲ್ಲ, ಬೇರೆ ಡೈ ಲಾಟಿನ ಬಣ್ಣ ಮೊದಲಿನದಕ್ಕೆ ಕೂಡದೆ ಹೋದರೆ ಆ ರೋಲುಗಳೂ ಕೆಲಸಕ್ಕೆ ಬಾರವು. ಚಿಂದಿ ಮಾರಿ ಬರುವ ದುಡ್ಡಿನಿಂದ ಸಮಾಧಾನ ಮಾಡಿಕೊಳ್ಳುವಂತೆಯೂ ಇಲ್ಲ. ಈ ಬಗೆಯ ತೆಳು ಹತ್ತಿ ಬಟ್ಟೆಯನ್ನು ತೂಕದಲ್ಲಿ ಎಣಿಸಿದರೆ ಖರೀದಿ ಬೆಲೆ ಕಿಲೋಗೆ ಸಾವಿರ ರೂಪಾಯಿ ದಾಟುತ್ತದೆ, ಚಿಂದಿಗೆ ಸಿಗುವುದು ಅದರ ಸಣ್ಣದೊಂದು ಅಂಶ.

ಚಿಂದಿಯ ಮೂಟೆ ನೋಡಿ ಇದನ್ನು ಪತ್ತೆ ಹಚ್ಚಲೂ ಆಗುವುದಿಲ್ಲ. ಮಾರ್ಕರ್ ಎಷ್ಟೇ ಚೆನ್ನಾಗಿದ್ದರೂ ತೋಳು, ಕಾಲರುಗಳ ಬಾಗಿದ ಅಂಚುಗಳ ನಡುವೆ ಬಟ್ಟೆಯ ಒಂದಷ್ಟು ಭಾಗ ಉಳಿದೇ ಉಳಿಯುತ್ತದೆ. ಅದು ಮೊದಲೇ ಲೆಕ್ಕಕ್ಕೆ ಸೇರಿದ, ತಪ್ಪಿಸಲಾಗದ ನಷ್ಟ. ತುದಿಯ ಹೆಚ್ಚುವರಿ ಪಟ್ಟಿಗಳೂ ಅದೇ ಮೂಟೆ ಸೇರಿ ಅದರಲ್ಲೇ ಬೆರೆತುಹೋಗುತ್ತವೆ. ಸುಳಿವು ಸಿಗುವುದು ಎಂಡ್‌ಬಿಟ್‌ನಲ್ಲಿ. ಪ್ರತಿ ರೋಲಿಗೂ ಒಂದು ಸಾಲು ಬರೆಸಿ: ಚೀಟಿಯಲ್ಲಿರುವ ಉದ್ದ, ಹಾಸಿದ ಪದರಗಳು, ದೋಷವೆಂದು ಕತ್ತರಿಸಿ ತೆಗೆದದ್ದು, ಕೊನೆಗೆ ಅಳೆದ ಎಂಡ್‌ಬಿಟ್. 3.40 ಇರಬೇಕಾದಲ್ಲಿ 2.50 ಬಂದರೆ, ಕಾಣೆಯಾದ 90 ಸೆಂಟಿಮೀಟರನ್ನು 15ರಿಂದ ಭಾಗಿಸಿ. ಪದರಕ್ಕೆ ಆರು ಎಂಬ ಉತ್ತರ ರೋಲಿನಿಂದ ರೋಲಿಗೆ ಹೆಚ್ಚುಕಡಿಮೆ ಒಂದೇ ಬರುತ್ತಿದ್ದರೆ ಮೊದಲು ನೋಡಬೇಕಾದದ್ದು ಹಾಸುವ ಕ್ರಮವನ್ನು. ಒಂದು ರೋಲಿನಲ್ಲಿ ಎರಡು ಮೀಟರ್ ಕಡಿಮೆ, ಇನ್ನೊಂದರಲ್ಲಿ ಸರಿ, ಹೀಗೆ ಏರುಪೇರಾದರೆ ಗಿರಣಿಯೇ ಕಡಿಮೆ ಬಟ್ಟೆ ಕಳಿಸಿರುವ ಸಾಧ್ಯತೆ ಹೆಚ್ಚು. ಗಿರಣಿಯವರಿಂದ ಪರಿಹಾರ ಕೇಳಬೇಕಾದರೆ ರೋಲುಗಳನ್ನು ಕತ್ತರಿಸುವ ಮುನ್ನವೇ ಅಳೆಸಿರಬೇಕು. ಎರಡೂ ಒಟ್ಟಿಗೆ ನಡೆಯುತ್ತಿರಬಹುದು, ಆದ್ದರಿಂದ ಪದರದ ಉದ್ದವನ್ನು ಮೇಜಿನ ಮೇಲೆಯೇ ಟೇಪು ಹಿಡಿದು ಖಚಿತ ಮಾಡಿಕೊಳ್ಳಿ.

ತುದಿ ಹೆಚ್ಚು ಬಿಡುವವರು ಬೇಜವಾಬ್ದಾರಿಯವರೆಂದು ತೀರ್ಮಾನಿಸುವ ಮೊದಲು ಕಾರಣ ಕೇಳುವುದು ನ್ಯಾಯ. ಬಟ್ಟೆಯನ್ನು ಎಳೆದು ಹಾಸಿದರೆ ಅದು ಬಿಗಿತ ಬಿಟ್ಟ ಮೇಲೆ ಒಳಕ್ಕೆ ಸರಿಯುತ್ತದೆ, ತುದಿಯಲ್ಲಿರುವ ಭಾಗಗಳು ಗಿಡ್ಡವಾಗುತ್ತವೆ. ಒಮ್ಮೆ ಹಾಗಾಗಿ ಬೈಸಿಕೊಂಡವರು ಮುಂದೆ ಐದು ಸೆಂಟಿಮೀಟರ್ ಬಿಟ್ಟೇ ಬಿಡುತ್ತಾರೆ. ಹಿಗ್ಗುವ ನೂಲು ಬೆರೆತ ಬಟ್ಟೆಯಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಅಲ್ಲಿ ಸರಿಪಡಿಸಬೇಕಾದದ್ದು ಎಳೆತವನ್ನು. ರೋಲು ಸರಾಗವಾಗಿ ತಿರುಗುವಂತೆ ಮಾಡಿ, ಹಿಗ್ಗುವ ಬಟ್ಟೆಯನ್ನು ಬಿಚ್ಚಿ ಸಡಿಲಾಗಲು ಬಿಟ್ಟು, ಆಮೇಲೆ ಹಾಸಿದರೆ ಎರಡು ಸೆಂಟಿಮೀಟರ್ ಸಾಕಾಗುತ್ತದೆ. ಗಂಟೆಗೆ ಇಷ್ಟು ಪದರ ಎಂಬ ಗುರಿಯೊಂದನ್ನೇ ಮುಂದಿಟ್ಟರೆ ಯಾರೂ ತುದಿಯನ್ನು ನೋಡುತ್ತಾ ನಿಲ್ಲಲಾರರು ಎಂಬುದೂ ನೆನಪಿರಲಿ. ಆ ಗುರಿ ಇಟ್ಟವರು ನಾವೇ.

ಉಳಿಸುವ ಉತ್ಸಾಹದಲ್ಲಿ ಅರ್ಧ ಸೆಂಟಿಮೀಟರಿಗೆ ಇಳಿಯಲೂಬಾರದು. ತುದಿಯಲ್ಲಿ ಒಂದು ಬೆನ್ನಿನ ಭಾಗ ಗಿಡ್ಡವಾದರೆ ಅದೇ ಬಣ್ಣದ ಬಟ್ಟೆ ಹುಡುಕಿ ಮತ್ತೆ ಕತ್ತರಿಸಬೇಕು. ಯಾರೂ ಗಮನಿಸದೆ ಅದು ಹೊಲಿಗೆಗೆ ಹೋಗಿ ಕೊನೆಯ ತಪಾಸಣೆಯಲ್ಲಿ ತಿರಸ್ಕೃತವಾದರೆ ಬಟ್ಟೆ, ಗುಂಡಿ, ನೂಲು ಸೇರಿ 440 ರೂಪಾಯಿ ಖರ್ಚಾಗಿ ಬಿಟ್ಟಿರುತ್ತದೆ. ಬದಲಿ ಅಂಗಿ ಕೊಡಲು ಬಟ್ಟೆಯಿಲ್ಲದಿದ್ದರೆ ಬರಬೇಕಾಗಿದ್ದ 620 ರೂಪಾಯಿಯೂ ಬರುವುದಿಲ್ಲ. ಅದೇ ಅಂಗಿಯ ಬಟ್ಟೆ ಮೇಜಿನ ಮೇಲೆಯೇ ಹಾಳಾಗಿದ್ದರೆ ಕನಿಷ್ಠ ಆ 116 ರೂಪಾಯಿಯ ಖರ್ಚಾದರೂ ಉಳಿಯುತ್ತಿತ್ತು.