ದೊಡ್ಡ ತಾರಸಿಯ ಮಳೆನೀರು: ಮಾಮೂಲಿ ಪೈಪು ಸಾಕಾ, ಸೈಫಾನಿಕ್ ಬೇಕಾ?

ಪ್ರಶ್ನೆ: ಶಿವಮೊಗ್ಗದ ಹತ್ತಿರ ಅಡಿಕೆ ಗೋದಾಮು ಕಟ್ಟಿಸುತ್ತಿದ್ದೇವೆ. ಸಪಾಟು ತಾರಸಿ, 50 ಮೀಟರ್ ಉದ್ದ, 40 ಮೀಟರ್ ಅಗಲ. ಮಾಮೂಲಿ ಪೈಪು ಸಾಕಾ, ನೀರನ್ನು ಎಳೆದುಕೊಂಡು ಇಳಿಸುವ ಸೈಫಾನಿಕ್ ಪೈಪು ಹಾಕಿಸಬೇಕಾ?

ಉತ್ತರ: ನಿಮ್ಮ ಕಟ್ಟಡಕ್ಕೆ ಮಾಮೂಲಿ ಪೈಪೇ ಸಾಕು. ಆದರೆ ನೀರು ಇಳಿಯುವ ಬಾಯಿಗಳು ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಬೇಕು.

ವರ್ಷಕ್ಕೆ ಎಷ್ಟು ಮಳೆ ಅನ್ನೋದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆಗುಂಬೆಯ ಕಾಲು ಭಾಗದಷ್ಟು ಮಳೆಯೂ ಶಿವಮೊಗ್ಗ ಪಟ್ಟಣಕ್ಕೆ ಬೀಳುವುದಿಲ್ಲ. ಆದರೂ ಗುಡುಗು ಮಳೆ ಐದೇ ನಿಮಿಷ ಜಡಿದರೆ ತಾರಸಿ ತುಂಬಬಹುದು. ಆ ಐದು ನಿಮಿಷದ ರಭಸಕ್ಕೇ ಪೈಪಿನ ಲೆಕ್ಕ ಹಾಕಬೇಕು. ಸದ್ಯಕ್ಕೆ ಗಂಟೆಗೆ 150 ಮಿ.ಮೀ. ಎಂದು ಹಿಡಿಯೋಣ, ನಿಮ್ಮ ಎಂಜಿನಿಯರ್ ಊರಿನ ಮಳೆ ದಾಖಲೆ ನೋಡಿ ಇದನ್ನು ತಿದ್ದಲಿ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್. ನಿಮ್ಮ 2,000 ಚದರ ಮೀಟರಿಗೆ ಗಂಟೆಗೆ 3 ಲಕ್ಷ ಲೀಟರ್, ಅಂದರೆ ಸೆಕೆಂಡಿಗೆ ಸುಮಾರು 83 ಲೀಟರ್.

ನೆಟ್ಟಗೆ ನಿಂತ 100 ಮಿ.ಮೀ. ಪೈಪು ಮೂರನೇ ಒಂದು ಭಾಗ ತುಂಬಿದರೂ ಸೆಕೆಂಡಿಗೆ 10 ಲೀಟರ್ ಇಳಿಸುತ್ತದೆ. ಹಾಗಾದರೆ ಎಂಟೊಂಬತ್ತು ಪೈಪು ಸಾಕಲ್ವಾ? ಸಾಲದು. ತಾರಸಿಯ ಮೇಲೆ ನೀರು 35 ಮಿ.ಮೀ. ನಿಂತಾಗ ಬಾಯಿಯ ಅಂಚು ದಾಟಿ ಒಳಗೆ ಬೀಳುವುದು ಸೆಕೆಂಡಿಗೆ ಸುಮಾರು 4.5 ಲೀಟರ್ ಮಾತ್ರ. ಪೈಪು ಬಹುಪಾಲು ಖಾಲಿಯೇ ಇರುತ್ತದೆ, ನೀರು ಮೇಲೇ ನಿಂತಿರುತ್ತದೆ. ಕೆಳಗಿನ ಪೈಪನ್ನು ಸುಮ್ನೆ ದಪ್ಪ ಮಾಡಿದರೆ ಏನೂ ಆಗುವುದಿಲ್ಲ. 83ನ್ನು 4.5ರಿಂದ ಭಾಗಿಸಿ: 19 ಬಾಯಿ. ತಾರಸಿಯ ನಡುವಿನಿಂದ ಎರಡೂ ಉದ್ದದ ಬದಿಗೆ ಇಳಿಜಾರು ಕೊಟ್ಟು, ಐದೈದು ಮೀಟರಿಗೆ ಒಂದರಂತೆ ಬದಿಗೆ ಹತ್ತು ಇಡಿ.

ಸೈಫಾನಿಕ್‌ನಲ್ಲಿ ಬಾಯಿಯ ಮೇಲೆ ಒಂದು ತಟ್ಟೆ ಇರುತ್ತದೆ. ಅದು ಸುಳಿ ಏಳದಂತೆ, ಗಾಳಿ ಒಳಗೆ ಹೋಗದಂತೆ ತಡೆಯುತ್ತದೆ. ಪೈಪು ಪೂರ್ತಿ ತುಂಬಿ, ಕೆಳಗೆ ಬೀಳುವ ನೀರು ಮೇಲಿನದನ್ನು ಎಳೆಯುತ್ತದೆ. 55 ಮಿ.ಮೀ. ನೀರು ನಿಂತಾಗ ಒಂದು ಬಾಯಿ ಸೆಕೆಂಡಿಗೆ 12 ಲೀಟರ್‌ನಷ್ಟು ಎಳೆಯಬಲ್ಲದು. ನಿಮಗೆ ಏಳು ಸಾಕಾಗುತ್ತಿತ್ತು. ಅಡ್ಡ ಪೈಪಿಗೆ ಇಳಿಜಾರೂ ಬೇಡ. ಒಳಗೆ ಪೈಪು ಇಳಿಸಲು, ನೆಲದಡಿ ಚರಂಡಿ ತೋಡಲು ಜಾಗವೇ ಇಲ್ಲದ ಅಗಲವಾದ ಕಾರ್ಖಾನೆಗೆ ಇದು ನಿಜಕ್ಕೂ ಒಳ್ಳೆಯದು.

ಆದರೆ ಇದರಲ್ಲಿ ಪ್ರತಿ ತುಂಡಿನ ಅಳತೆಯೂ ಲೆಕ್ಕದ ಪ್ರಕಾರವೇ ಇರಬೇಕು. ರಿಪೇರಿಗೆ ಬಂದವರು 'ಇನ್ನೂ ದೊಡ್ಡದಿರಲಿ' ಎಂದು ದಪ್ಪ ಪೈಪು ಜೋಡಿಸಿದರೆ ಅದು ತುಂಬುವುದೇ ಇಲ್ಲ, ಎಳೆತ ಹೋಗುತ್ತದೆ. ತೆಳು ಪೈಪು ಹಾಕಿದರೆ ಒಳಗಿನ ಎಳೆತಕ್ಕೆ ಅಪ್ಪಚ್ಚಿಯಾಗಬಹುದು. ಮಲೆನಾಡಿನ ಜಿಟಿಜಿಟಿ ಮಳೆಯಲ್ಲಿ ಎಳೆತ ಶುರುವೇ ಆಗುವುದಿಲ್ಲ, ನೀರು ಮಾಮೂಲಿಯಾಗಿಯೇ ಇಳಿಯುತ್ತದೆ. ಆಗ ಎಲೆ, ಪಾಚಿ ಸಣ್ಣ ಪೈಪಿನಲ್ಲೇ ಉಳಿಯಬಹುದು. ಏಳರಲ್ಲಿ ಒಂದು ಬಾಯಿ ಕಟ್ಟಿದರೆ ನಷ್ಟವೂ ದೊಡ್ಡದು.

ಯಾವುದೇ ಹಾಕಿಸಿ, ಪ್ಯಾರಾಪೆಟ್‌ನಲ್ಲಿ ಹೆಚ್ಚುವರಿ ನೀರು ಹೊರಬೀಳಲು ಕಿಂಡಿ ಬಿಡಿಸಿ. ನಿಮಗಾದರೆ ಅದರ ತಳ ತಗ್ಗಿನ ಅಂಚಿನಿಂದ 50 ಮಿ.ಮೀ. ಮೇಲಿರಲಿ. ನೀರು 10 ಸೆಂ.ಮೀ. ನಿಂತರೆ ಚದರ ಮೀಟರಿಗೆ 100 ಕೆ.ಜಿ. ಭಾರ. ಸಾಧಾರಣ ಮಳೆಗೇ ಕಿಂಡಿಯಿಂದ ನೀರು ಸುರಿಯುತ್ತಿದ್ದರೆ ಹತ್ತಿರದ ಬಾಯಿ ಕಟ್ಟಿದೆ ಎಂದರ್ಥ. ಅವತ್ತೇ ತಾರಸಿ ಹತ್ತಿ ಕಸ ತೆಗೆಸಿ.