ಸವಕಳಿ ಪಟ್ಟಿ: ಕೊನೆಯ ಸಾಲಿನಿಂದ ಶುರು ಮಾಡಿ

ನಮ್ಮ ಕಾಸರಗೋಡಿನಲ್ಲಿ ಲೆಕ್ಕದ ಪುಸ್ತಕಕ್ಕೂ ಎರಡು ಭಾಷೆ. ಕನ್ನಡದಲ್ಲಿ ನಾವು ಸವಕಳಿ ಅನ್ನುತ್ತೇವೆ, ಮಲಯಾಳದವರು ತೇಯ್ಮಾನಂ ಅನ್ನುತ್ತಾರೆ. ಗಂಧ ತೇಯುತ್ತೇವಲ್ಲ, ಅದೇ ತೇಯು. ಕೊರಡು ಒಂದೇ ದಿನ ಮುಗಿದು ಹೋಗುವುದಿಲ್ಲ, ದಿನಾ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಯಂತ್ರಕ್ಕೆ ಕೊಟ್ಟ ದುಡ್ಡನ್ನೂ ಹಾಗೆಯೇ ಅದು ಕೆಲಸ ಮಾಡುವ ವರ್ಷಗಳಿಗೆ ಹಂಚಿ ಖರ್ಚು ಬರೆಯುವುದೇ ಸವಕಳಿ. ಪೇಟೆಯಲ್ಲಿ ಯಂತ್ರದ ಬೆಲೆ ಎಷ್ಟು ಇಳಿಯಿತು ಅನ್ನುವ ಲೆಕ್ಕ ಅಲ್ಲ ಇದು. ಹಾಗಂತ ತುಂಬ ಜನ ಅಂದುಕೊಂಡಿದ್ದಾರೆ, ಅದಕ್ಕೇ ಹೇಳಿದೆ.

ಹಂಚುವುದಕ್ಕೆ ಮುಖ್ಯವಾಗಿ ಎರಡು ದಾರಿ. ಪ್ರತಿ ವರ್ಷ ಒಂದೇ ಮೊತ್ತ ಕಳೆದರೆ ಸಮ ಕಂತಿನ ಪದ್ಧತಿ. ಆಡಿಟ್ ಆಫೀಸಿನಲ್ಲಿ ಎಸ್‌ಎಲ್‌ಎಂ ಅನ್ನುತ್ತಾರೆ. ಉಳಿದ ಬಾಕಿಯ ಮೇಲೆ ಒಂದೇ ಶೇಕಡಾ ದರ ಹಾಕುತ್ತ ಹೋದರೆ ಇಳಿಯುವ ಬಾಕಿಯ ಪದ್ಧತಿ, ಅಂದರೆ ಡಬ್ಲ್ಯುಡಿವಿ. ಮೊದಲ ವರ್ಷಗಳಲ್ಲಿ ದೊಡ್ಡ ತುಂಡು ಹೋಗುತ್ತದೆ, ಆಮೇಲೆ ಸಣ್ಣದಾಗುತ್ತ ಬರುತ್ತದೆ. ಯಾವ ಆಸ್ತಿ, ಯಾವಾಗ ಬಂತು, ಎಷ್ಟು ಕೊಟ್ಟಿದ್ದು, ಎಷ್ಟು ಕಳೆದದ್ದು, ಎಷ್ಟು ಉಳಿದದ್ದು ಎಂದು ಬರೆದಿಡುವುದು ಸ್ಥಿರ ಆಸ್ತಿ ರಿಜಿಸ್ಟರ್. ಅದರಲ್ಲಿ ಒಂದೊಂದು ಆಸ್ತಿಗೂ ವರ್ಷವಾರು ಇಳಿಕೆ ತೋರಿಸುವ ಸಾಲುಗಳೇ ಸವಕಳಿ ಪಟ್ಟಿ.

ಈ ಪಟ್ಟಿ ಸರಿ ಇದೆಯಾ ಎಂದು ನೋಡುವಾಗ ಹೆಚ್ಚಿನವರು ಈ ವರ್ಷದ ಸಾಲನ್ನು ಮಾತ್ರ ಗುಣಿಸಿ ನೋಡುತ್ತಾರೆ. ನಾನು ಮೊದಲು ಕೊನೆಯ ಸಾಲಿಗೆ ಹೋಗುತ್ತೇನೆ. ಯಾಕೆ ಎಂದು ಒಂದು ಅಡಿಕೆ ಸುಲಿಯುವ ಮೆಷಿನಿನ ಲೆಕ್ಕದಲ್ಲೇ ಹೇಳುತ್ತೇನೆ.

ಬದಿಯಡ್ಕದ ಕಡೆಯ ಒಂದು ರೈತ ಉತ್ಪಾದಕ ಕಂಪನಿ. ಚಾಲಿ ಅಡಿಕೆ ಸುಲಿಯುವುದಕ್ಕೆ 3,00,000 ರೂಪಾಯಿಯ ಮೆಷಿನ್ ತಂದಿದ್ದರು. ಕಂಪನಿ ಕಾಯ್ದೆ 2013ರ ಎರಡನೇ ಶೆಡ್ಯೂಲಿನಲ್ಲಿ ಸಾಮಾನ್ಯ ಯಂತ್ರೋಪಕರಣಕ್ಕೆ 15 ವರ್ಷ ಆಯಸ್ಸು. ಕೊನೆಗೆ ಉಳಿಯುವ ಮೌಲ್ಯ ಸಾಮಾನ್ಯವಾಗಿ ಶೇ. 5 ದಾಟಬಾರದು. ಇವರು ಶೇ. 5 ಇಟ್ಟಿದ್ದರು, ಅಂದರೆ 15,000 ರೂಪಾಯಿ. (ಸಹಕಾರಿ ಸಂಘಕ್ಕೆ ಈ ಶೆಡ್ಯೂಲ್ ನೇರವಾಗಿ ಅನ್ವಯಿಸುವುದಿಲ್ಲ. ನಮ್ಮ ಕಡೆ ಸಂಘಗಳೇ ಜಾಸ್ತಿ ಅಲ್ವಾ, ಗೊಂದಲ ಆಗುವುದು ಅಲ್ಲೇ.)

ಸಮ ಕಂತಿನಲ್ಲಿ ಲೆಕ್ಕ ಸುಲಭ. 3,00,000ದಿಂದ 15,000 ಕಳೆದರೆ 2,85,000. ಅದನ್ನು 15ರಿಂದ ಭಾಗಿಸಿದರೆ ವರ್ಷಕ್ಕೆ 19,000. ಇಳಿಯುವ ಬಾಕಿಗೆ ಮಾತ್ರ ದರ ಬೇಕು. ಈ ಶೆಡ್ಯೂಲಿನಲ್ಲಿ ಇರುವುದು ಆಯಸ್ಸು, ದರ ಅಲ್ಲ. ದರವನ್ನು ನಾವೇ ತೆಗೆಯಬೇಕು:

```
=1-(15000/300000)^(1/15)
```

ಉತ್ತರ ಶೇ. 18.10. ಈ ಸೂತ್ರವನ್ನು ಒಮ್ಮೆ ಸರಿಯಾಗಿ ನೋಡಿ. 15,000 ಆಗಲೇ ಅದರ ಒಳಗಿದೆ. 3,00,000ದ ಮೇಲೆ ಈ ದರ ಹಾಕುತ್ತ ಹೋದರೆ 15 ವರ್ಷಕ್ಕೆ 15,000ದ ಹತ್ತಿರ ಬಂದು ನಿಲ್ಲಲಿ ಎಂದೇ ಆ ದರ ಹುಟ್ಟಿದ್ದು. ಹಾಗಾಗಿ ಇಲ್ಲಿ ಉಳಿಕೆ ಮೌಲ್ಯವನ್ನು ಇನ್ನೊಮ್ಮೆ ಕಳೆಯಬಾರದು. ಸಮ ಕಂತಿನಲ್ಲಿ ಕಳೆದು ಕಳೆದು ಕೈ ಪಳಗಿದವರು ಇಲ್ಲೂ ಸುಮ್ನೆ ಕಳೆದುಬಿಡುತ್ತಾರೆ.

ಆ ರಿಜಿಸ್ಟರಿನಲ್ಲೂ ಅದೇ ಆಗಿತ್ತು. ಯಂತ್ರಗಳಿಗೆಲ್ಲ ಇಳಿಯುವ ಬಾಕಿಯ ಪದ್ಧತಿ. 2022-23ರ ಮೊದಲ ಸಾಲಿನಲ್ಲಿ ಈ ಮೆಷಿನಿಗೆ 31,658 ರೂಪಾಯಿ ಸವಕಳಿ ಬರೆದಿತ್ತು. ನೋಡಿದ ಕೂಡಲೇ ತಪ್ಪು ಅನ್ನಿಸುವ ಅಂಕಿ ಅಲ್ಲ ಅದು. ಆದರೆ ಎಕ್ಸೆಲ್ ಶೀಟಿನಲ್ಲಿ ಕೆಳಗೆ ಹೋದರೆ ಆಯಸ್ಸು ಮುಗಿಯುವ ಸಾಲಿನಲ್ಲಿ 29,395ರ ಆಸುಪಾಸು ಉಳಿದಿತ್ತು. 15,000ಕ್ಕೆ ಬರಬೇಕಾದದ್ದು ಹೆಚ್ಚುಕಡಿಮೆ ಅದರ ಎರಡು ಪಟ್ಟು. ಪ್ರತಿ ವರ್ಷವೂ ಬಾಕಿಯಿಂದ 15,000 ಕಳೆದು, ಮಿಕ್ಕಿದ್ದರ ಮೇಲೆ ದರ ಹಾಕಿದ್ದರು. ಹಾಗೆ ಮಾಡಿದರೆ 15,000 ಹಾಗೇ ಬದಿಗೆ ಕೂತಿರುತ್ತದೆ. ಉಳಿದ 2,85,000 ಇಳಿಯುತ್ತ ತನ್ನದೇ ಶೇ. 5ರ ಹತ್ತಿರ, ಅಂದರೆ 14,395ರ ಆಸುಪಾಸಿಗೆ ನಿಲ್ಲುತ್ತದೆ. ಎರಡೂ ಸೇರಿದರೆ 29,000 ದಾಟುತ್ತದೆ.

ಕೊನೆಯ ಸಾಲು ಹೀಗೆ ತಪ್ಪಿನ ಜಾತಿಯನ್ನೇ ಹೇಳಿಬಿಡುತ್ತದೆ. ಇದೇ ಮೆಷಿನಿಗೆ ಬಾಲದಲ್ಲಿ ಸೊನ್ನೆ ಬಂದಿದ್ದರೆ ಉಳಿಕೆ ಮೌಲ್ಯವನ್ನೇ ಮರೆತಿದ್ದಾರೆ, 3,00,000ವನ್ನು ನೇರ 15ರಿಂದ ಭಾಗಿಸಿದ್ದಾರೆ ಎಂದರ್ಥ. 1,12,000 ಚಿಲ್ಲರೆ ಉಳಿದಿದ್ದರೆ ಸಮ ಕಂತಿನ ಶೇ. 6.33ನ್ನು ಇಳಿಯುವ ಬಾಕಿಯ ಮೇಲೆ ಹಾಕಿದ್ದಾರೆ. ಆರನೇ ಸಾಲಿನಲ್ಲೇ ಬಾಕಿ ಪೂರ್ತಿ ಕರಗಿ ಮೈನಸ್ ಕಂಡರೆ ಶೇ. 18.10ನ್ನು ವರ್ಷ ವರ್ಷ ಮೂಲ ಬೆಲೆಯ ಮೇಲೇ ಹಾಕಿದ್ದಾರೆ. ಈ ವರ್ಷದ ಒಂದು ಸಾಲನ್ನು ಮಾತ್ರ ನೋಡಿದರೆ ಇಷ್ಟು ಬೇಗ ಗೊತ್ತಾಗುವುದಿಲ್ಲ.

ಒಂದು ಎಚ್ಚರ ಇರಲಿ. ಕೆಲವು ಶೀಟಿನಲ್ಲಿ ಕೊನೆಯ ಸಾಲಿಗೆ 'ಉಳಿದದ್ದೆಲ್ಲ ಕಳೆ, 15,000 ಬಿಡು' ಎಂದು ಸೂತ್ರ ಕೂರಿಸಿರುತ್ತಾರೆ. ಆಗ ಮೇಲೆ ಏನೇ ತಪ್ಪಿದ್ದರೂ ಬಾಲ ಚೆಂದ ಕಾಣುತ್ತದೆ. ಅಂಥ ಶೀಟಿನಲ್ಲಿ ಕೊನೆಯ ವರ್ಷದ ಸವಕಳಿ ಅದರ ಹಿಂದಿನ ವರ್ಷದ್ದಕ್ಕಿಂತ ಜಿಗಿದಿದೆಯಾ ನೋಡಿ. ಇಳಿಯುವ ಬಾಕಿಯಲ್ಲಿ ಸವಕಳಿ ಇಳಿಯಬೇಕು. ಕೊನೆಗೆ ಒಮ್ಮೆಲೇ ಏರಿದರೆ ಅಲ್ಲೇನೋ ಮುಚ್ಚಿಟ್ಟಿದೆ.

ಸರಿ, 15,000 ಕಳೆಯುವುದನ್ನು ತೆಗೆದೆ. ಮೊದಲ ವರ್ಷದ ಸವಕಳಿ 33,324 ಆಯಿತು, ಬಾಲ 15,152ರ ಹತ್ತಿರ ಬಂತು. ಆ 152 ತಪ್ಪಲ್ಲ. ಮೊದಲ ವರ್ಷವೂ ಕೊನೆಯ ವರ್ಷವೂ ತುಂಡು ವರ್ಷ. ತುಂಡಿಗೆ ದಿನದ ಲೆಕ್ಕದಲ್ಲಿ ದರ ಹಂಚಿದಾಗ ಇಷ್ಟು ವ್ಯತ್ಯಾಸ ಬಂದೇ ಬರುತ್ತದೆ. ಪಟ್ಟಿ ಪಾಸಾಯಿತು ಎಂದು ಟಿಕ್ ಹಾಕಲು ಹೊರಟಿದ್ದೆ.

ಆಗ ದಿನದ ಕಾಲಂ ಕಣ್ಣಿಗೆ ಬಿತ್ತು. 224 ದಿನ. ಅಂದರೆ 2022ರ ಆಗಸ್ಟ್ 20ರಿಂದ ಎಣಿಸಿದ್ದಾರೆ.

"ಇದು ಬಿಲ್ಲಿನ ತಾರೀಕಲ್ವಾ?" ಎಂದು ಅಕೌಂಟ್ಸ್ ನೋಡುವ ಹುಡುಗಿಯನ್ನು ಕೇಳಿದೆ.

"ಹೌದಣ್ಣ. ಮೆಷಿನ್ ಬಂದದ್ದು ಕೂಡ ಅದೇ ವಾರ."

"ಓಡಿದ್ದು ಯಾವಾಗ?"

ಅವಳು ನಕ್ಕಳು. "ಮಳೆಗೆ ಶೆಡ್ಡಿನ ಕೆಲಸ ಅರ್ಧದಲ್ಲಿ ನಿಂತಿತ್ತು. ತಾರ್ಪಾಲು ಹೊದಿಸಿ ಇಟ್ಟಿದ್ದೆವು. ಕೂರಿಸಿದವರು ಬಂದು ಟ್ರಯಲ್ ಮಾಡಿದ್ದು ಅಕ್ಟೋಬರ್ ಒಂದಕ್ಕೆ. ಅವತ್ತೇ ಎರಡು ಗೋಣಿ ಸುಲಿದು ನೋಡಿದ್ದು."

ಸವಕಳಿ ಶುರುವಾಗುವುದು ಬಿಲ್ಲಿನ ದಿನದಿಂದ ಅಲ್ಲ. ಯಂತ್ರ ಇರಬೇಕಾದ ಜಾಗದಲ್ಲಿ ಕೂತು, ಕೆಲಸಕ್ಕೆ ತಯಾರಾದ ದಿನದಿಂದ. ತಯಾರಾದ ಮೇಲೆ ಅಡಿಕೆ ಇಲ್ಲ ಎಂದು ಸುಮ್ಮನೆ ನಿಂತರೂ ಸವಕಳಿ ನಿಲ್ಲುವುದಿಲ್ಲ. ಆದರೆ ತಾರ್ಪಾಲಿನ ಕೆಳಗೆ ಇದ್ದಷ್ಟು ದಿನ ಅದು ತಯಾರಾಗಿರಲಿಲ್ಲ. ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ, ಎರಡೂ ದಿನ ಸೇರಿಸಿ, 182 ದಿನ:

```
=ROUND(300000*18.10%*182/365,0)
```

27,076 ರೂಪಾಯಿ. ಮೊದಲು ಸರಿ ಎಂದುಕೊಂಡ 33,324ಕ್ಕಿಂತ 6,248 ಕಮ್ಮಿ. ಈಗ ಬಾಲ ನೋಡಿದರೆ 15,160. ಮೊದಲ ಸಾಲು ಆರು ಸಾವಿರಕ್ಕೂ ಜಾಸ್ತಿ ಅಲ್ಲಾಡಿದರೂ ಕೊನೆಯ ಸಾಲು ಅಲ್ಲಾಡಿದ್ದು ಎಂಟು ರೂಪಾಯಿ! ಕೊನೆಯ ಸಾಲಿನಿಂದ ಓದುವ ನನ್ನ ಉಪಾಯದ ಮಿತಿ ಇದೇ. ದರ ತಪ್ಪಿದರೆ, ಯಾವುದರ ಮೇಲೆ ಹಾಕಬೇಕೋ ಅದು ತಪ್ಪಿದರೆ ಬಾಲ ಹೇಳುತ್ತದೆ. ತಾರೀಕು ತಪ್ಪಿದರೆ ಹೇಳುವುದಿಲ್ಲ. ಅದಕ್ಕೆ ಕಾಗದವೇ ಬೇಕು, ಇಲ್ಲಿ ಟ್ರಯಲ್ ಮಾಡಿದವರು ಸಹಿ ಹಾಕಿಕೊಟ್ಟ ವರದಿ.

ಇನ್ನೊಂದು ಗಮನಿಸಿದಿರಾ? ರಿಜಿಸ್ಟರಿನ 31,658ರಲ್ಲಿ ಎರಡು ತಪ್ಪು ಒಂದಕ್ಕೊಂದು ಎದುರಾಗಿ ನಿಂತಿದ್ದವು. ಉಳಿಕೆ ಎರಡು ಸಲ ಹಿಡಿದದ್ದು ಅಂಕಿಯನ್ನು ಕೆಳಗೆ ಎಳೆದಿತ್ತು, ಬಿಲ್ಲಿನ ತಾರೀಕು ಮೇಲೆ ಎತ್ತಿತ್ತು. ಅದಕ್ಕೇ ನೋಡಲು ಅಷ್ಟು ಸಹಜವಾಗಿ ಕಂಡದ್ದು.

ಸಮ ಕಂತಿನಲ್ಲಿ ತಾರೀಕು ಬೇರೆ ರೀತಿ ಕಾಡುತ್ತದೆ. ಇದೇ ಮೆಷಿನಿಗೆ ಸಮ ಕಂತು ಹಾಕಿದರೆ ಮೊದಲ ವರ್ಷ 182 ದಿನಕ್ಕೆ 9,474. ಆಮೇಲೆ 14 ವರ್ಷ 19,000ದಂತೆ. ಅಲ್ಲಿಗೆ 15 ಸಾಲು ಮುಗಿಯಿತು, ಆದರೆ 9,526 ಇನ್ನೂ ಬಾಕಿ. ಅದು 2037-38ರ ಹದಿನಾರನೇ ಸಾಲಿಗೆ ಹೋಗಬೇಕು. ಆಯಸ್ಸು 15 ವರ್ಷ ಎಂದು 15 ಸಾಲಿನ ಶೀಟ್ ಮಾಡಿಟ್ಟವರು ಆ ಸಾಲನ್ನೇ ಕಳೆದುಕೊಳ್ಳುತ್ತಾರೆ. ವರ್ಷದ ನಡುವೆ ಬಂದ ಆಸ್ತಿಗೆ ಯಾವಾಗಲೂ ಒಂದು ಸಾಲು ಜಾಸ್ತಿ.

ಎಕ್ಸೆಲ್ಲಿನ `DB` ಫಂಕ್ಷನ್ ಇದೆಯಲ್ಲ ಎಂದು ಕೇಳಬಹುದು. ಅದು ದಿನ ಎಣಿಸುವುದಿಲ್ಲ, ತಿಂಗಳು ಎಣಿಸುತ್ತದೆ. ಆರು ತಿಂಗಳು ಎಂದು ಕೊಟ್ಟರೆ 27,150 ಬರುತ್ತದೆ, ನಮ್ಮ ಲೆಕ್ಕಕ್ಕಿಂತ 74 ಜಾಸ್ತಿ. ಅಂದಾಜಿಗೆ ಸಾಕು, ರಿಜಿಸ್ಟರಿಗೆ ಸಾಲದು.

ಆದಾಯ ತೆರಿಗೆಯ ಸವಕಳಿಯನ್ನು ಇದರ ಜೊತೆ ಬೆರೆಸಲೇಬೇಡಿ. ಅದರ ಪಟ್ಟಿಯೇ ಬೇರೆ. ಅಲ್ಲಿ ಇಂಥ ಯಂತ್ರಕ್ಕೆ ಶೇ. 15, ಒಂದೊಂದು ಯಂತ್ರಕ್ಕಲ್ಲ, ಒಂದೇ ದರದ ಗುಂಪಿಗೆ. ದಿನಕ್ಕೆ ಹಂಚುವುದೂ ಇಲ್ಲ. ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ, ಇಲ್ಲದಿದ್ದರೆ ಪೂರ್ತಿ. ಇವರದ್ದು 182 ದಿನ, ಹಾಗಾಗಿ 45,000 ಪೂರ್ತಿ ಸಿಕ್ಕಿತು. ಟ್ರಯಲ್ ಮಾಡುವವರು ಅಕ್ಟೋಬರ್ 4ಕ್ಕೆ ಬಂದಿದ್ದರೆ 179 ದಿನ, 22,500 ಮಾತ್ರ. ಪುಸ್ತಕದ ಲೆಕ್ಕದಲ್ಲಿ ಮೂರು ದಿನಕ್ಕೆ 446 ರೂಪಾಯಿ ವ್ಯತ್ಯಾಸ, ಅಲ್ಲಿ ನೇರ ಅರ್ಧ.

ರಿಜಿಸ್ಟರಿನಲ್ಲಿ ಬಿಲ್ಲಿನ ತಾರೀಕಿನ ಪಕ್ಕ 'ತಯಾರಾದ ದಿನ' ಎಂದು ಹೊಸ ಕಾಲಂ ಮಾಡಿಸಿದೆ. ಟ್ರಯಲ್ ವರದಿಯ ನಕಲನ್ನು ಬಿಲ್ಲಿಗೇ ಪಿನ್ ಮಾಡಿದಳು ಆ ಹುಡುಗಿ. ಕೆಳಗಿನ ಸಾಲುಗಳಿಗೂ ದಿನ ತುಂಬಿಸುತ್ತ ಹೋದೆವು. ತೂಕದ ಯಂತ್ರದ ಹತ್ತಿರ ಬಂದಾಗ ಬಿಲ್ ಬಿಟ್ಟು ಬೇರೆ ಕಾಗದವೇ ಸಿಗಲಿಲ್ಲ. ಮೊದಲ ತೂಕದ ಚೀಟಿ ಹುಡುಕಿ ಇಡಿ ಎಂದು ಹೇಳಿ, ಆ ಸಾಲಿನ 'ತಯಾರಾದ ದಿನ' ಖಾಲಿ ಬಿಟ್ಟು ಬಸ್ಸಿಗೆ ಓಡಿದೆ.