ಕ್ಲೋರಿನ್ ಪಕ್ಕದ ಕಾರ್ಬನ್‌ಗೆ ಹೋದದ್ದೇಕೆ?

3-ಮೀಥೈಲ್-1-ಬ್ಯೂಟೀನ್‌ಗೆ ಹೈಡ್ರೋಜನ್ ಕ್ಲೋರೈಡ್ ಸೇರಿಸಿದರೆ, ಮಾರ್ಕೊವ್ನಿಕೊವ್ ನಿಯಮದಂತೆ ಕ್ಲೋರಿನ್ ಎರಡನೇ ಕಾರ್ಬನ್‌ನಲ್ಲಿ ಕೂರಬೇಕು. ಒಂದಿಷ್ಟು ಹಾಗೆಯೇ ಕೂರುತ್ತದೆ. ಆದರೆ ಹೆಚ್ಚಿನ ಪಾಲಿನಲ್ಲಿ ಅದು ಸಿಗುವುದು ಪಕ್ಕದ ಕವಲಿನ ಕಾರ್ಬನ್‌ನಲ್ಲಿ.

ಮೊದಲು ಪ್ರೋಟಾನ್ ತುದಿಯ ಕಾರ್ಬನ್‌ಗೆ ಸೇರಿ, ಎರಡನೆಯದರ ಮೇಲೆ ಧನಾವೇಶ ಉಳಿಯುತ್ತದೆ: CH₃–CH⁺–CH(CH₃)₂. ಆ ಕಾರ್ಬನ್‌ನಲ್ಲಿ ಒಂದು p ಆರ್ಬಿಟಲ್ ಖಾಲಿ. ಅಕ್ಕಪಕ್ಕದ ಕಾರ್ಬನ್‌ನ C–H ಬಂಧ ಇದಕ್ಕೆ ಸಮಾಂತರವಾಗಿ ನಿಂತಾಗ, ಬಂಧದ ಎಲೆಕ್ಟ್ರಾನುಗಳು ಸ್ವಲ್ಪ ಈ ಖಾಲಿ ಜಾಗಕ್ಕೂ ಹರಡಿಕೊಳ್ಳುತ್ತವೆ. ಇದೇ ಹೈಪರ್‌ಕಾಂಜುಗೇಷನ್. ಹೀಗೆ ನೆರವಾಗಬಲ್ಲ C–H ಬಂಧಗಳು ಹೆಚ್ಚಿದ್ದಷ್ಟೂ ಕಾರ್ಬೊಕ್ಯಾಟಯಾನ್ ಹೆಚ್ಚು ಸ್ಥಿರ.

ಎಣಿಸೋಣ. ಎಡಗಡೆಯ CH₃ ಯಿಂದ ಮೂರು, ಬಲಗಡೆಯ CH ನಿಂದ ಒಂದು, ಒಟ್ಟು ನಾಲ್ಕು. ವಿದ್ಯಾರ್ಥಿಗಳು ಎಡವುವುದು ಇಲ್ಲೇ: ಧನಾವೇಶವಿರುವ ಕಾರ್ಬನ್‌ನದೇ ಹೈಡ್ರೋಜನ್ನನ್ನೂ ಸೇರಿಸಿ ಐದು ಎನ್ನುತ್ತಾರೆ. ಆ ಬಂಧ ಖಾಲಿ ಆರ್ಬಿಟಲ್‌ಗೆ ಲಂಬವಾಗಿರುವುದರಿಂದ ಅದರಿಂದ ಏನೂ ಸಿಗದು.

ಈಗ ಬಲಗಡೆಯ CH ನ ಹೈಡ್ರೋಜನ್ ತನ್ನ ಬಂಧದ ಎರಡೂ ಎಲೆಕ್ಟ್ರಾನುಗಳನ್ನು ಹೊತ್ತು ಪಕ್ಕಕ್ಕೆ ಜಿಗಿಯುತ್ತದೆ. ಎಲೆಕ್ಟ್ರಾನ್ ಜೋಡಿಯ ಜೊತೆಗೇ ಹೋಗುವುದರಿಂದ ಇದು ಹೈಡ್ರೈಡ್ ಸ್ಥಳಾಂತರ. ಬರೀ H⁺ ಸರಿದಂತೆ ಬರೆದರೆ ಆವೇಶದ ಲೆಕ್ಕ ತಪ್ಪುತ್ತದೆ. ಹೊಸ ಅಯಾನ್ CH₃–CH₂–C⁺(CH₃)₂. ಎರಡು ಮೀಥೈಲ್‌ಗಳಿಂದ ಆರು, CH₂ ನಿಂದ ಎರಡು: ನಾಲ್ಕಿದ್ದದ್ದು ಎಂಟಾಯಿತು, ದ್ವಿತೀಯಕ ಅಯಾನ್ ತೃತೀಯಕವಾಯಿತು. ಕ್ಲೋರೈಡ್ ಬಂದು ಸೇರುವುದು ಧನಾವೇಶವಿರುವ ಈ ಹೊಸ ಕಾರ್ಬನ್‌ಗೆ.

ಹೈಡ್ರೋಜನ್ ಬದಲು ಮೀಥೈಲ್ ಸರಿದಿದ್ದರೆ? ಕಾಗದದ ಮೇಲೆ ಬರೆದೇ ನೋಡಿ, ಮತ್ತೆ ಅದೇ CH₃–CH⁺–CH(CH₃)₂ ಸಿಗುತ್ತದೆ. ಲಾಭ ಸೊನ್ನೆ.

ಮೀಥೈಲ್ ಸರಿಯುವುದರಿಂದಲೇ ಲಾಭವಾಗುವ ಕಡೆಯೂ ಉಂಟು. 3,3-ಡೈಮೀಥೈಲ್-1-ಬ್ಯೂಟೀನ್ ಕೊಡುವ CH₃–CH⁺–C(CH₃)₃ ನಲ್ಲಿ ಬಲಗಡೆಯ ಕಾರ್ಬನ್‌ಗೆ ಹೈಡ್ರೋಜನ್ನೇ ಇಲ್ಲ. ನೆರವಿಗಿರುವುದು ಮೂರೇ C–H. ಅಲ್ಲಿಂದ ಒಂದು ಮೀಥೈಲ್ ಎಲೆಕ್ಟ್ರಾನ್ ಜೋಡಿಯೊಂದಿಗೆ ಸರಿದರೆ (CH₃)₂CH–C⁺(CH₃)₂ ಆಗುತ್ತದೆ, ಎಣಿಕೆ ಏಳಕ್ಕೇರುತ್ತದೆ.

ಈ ಎಣಿಕೆ ದಿಕ್ಕು ತೋರಿಸುವ ಕೈಮರವಷ್ಟೇ, ಶಕ್ತಿಯ ಅಳತೆಯಲ್ಲ. C–C ಬಂಧಗಳೂ ಇದೇ ಬಗೆಯಲ್ಲಿ ನೆರವಾಗುತ್ತವೆ, ಅವು ಇಲ್ಲಿ ಲೆಕ್ಕಕ್ಕೆ ಬಂದಿಲ್ಲ. ಬೆಂಜೀನ್ ಉಂಗುರ ಅಥವಾ ಆಕ್ಸಿಜನ್‌ನ ಒಂಟಿ ಜೋಡಿ ಪಕ್ಕದಲ್ಲಿದ್ದರೆ ಅನುರಣನವೇ ಮೇಲುಗೈ.

ಮೊದಲ ಪ್ರಯೋಗದಲ್ಲಿ ಸ್ಥಳಾಂತರ ಎಷ್ಟಾಯಿತೆಂದು ಪ್ರೋಟಾನ್ ಎನ್‌ಎಂಆರ್‌ನಲ್ಲಿ ಕಾಣಬಹುದು. ಸರಿಯದ ಉತ್ಪನ್ನದಲ್ಲಿ ಕ್ಲೋರಿನ್ ಇರುವ ಕಾರ್ಬನ್‌ನ ಒಂಟಿ ಹೈಡ್ರೋಜನ್ 4 ಪಿಪಿಎಂ ಆಸುಪಾಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಸರಿದದ್ದರಲ್ಲಿ ಆ ಕಾರ್ಬನ್‌ಗೆ ಹೈಡ್ರೋಜನ್ನೇ ಇಲ್ಲದ್ದರಿಂದ ಆ ಜಾಗ ಬರಿದು. ಬದಲಿಗೆ ಎರಡು ಮೀಥೈಲ್‌ಗಳು ಸೇರಿ ಆರು ಹೈಡ್ರೋಜನ್‌ಗಳ ಒಂದೇ ಚೂಪು ಗೆರೆಯಾಗಿ ನಿಲ್ಲುತ್ತವೆ.